ಕಮೆಂಟಿನಲ್ಲಿ ಕೊಂಕೋ, ನಿಂದನೆಯೋ? ಪತ್ತೆ ಮಾಡುವ ನಾಲ್ಕು ಹಂತ

ದಾಂಡೇಲಿಯ ಫೇಸ್‌ಬುಕ್ ಪುಟವೊಂದರಲ್ಲಿ ಮಳೆನೀರು ನಿಂತ ರಸ್ತೆಯ ಫೋಟೊ ಬಂದಿದೆ ಎಂದುಕೊಳ್ಳಿ. ಕೆಳಗೆ ಮೂರು ಕಮೆಂಟುಗಳಿವೆ.

ಒಂದು: 'ಸೂಪರ್ ಸರ್, ಇನ್ನ ರಾಫ್ಟಿಂಗ್‌ಗೆ ಗಣೇಶಗುಡಿಗೆ ಹೋಗೋದು ಬ್ಯಾಡ.'
ಎರಡು: 'ಏನಲೇ ಮಗನ, ಬೈಕ್ ಸಬ್‌ಮರೀನ್ ಆತೇನು?'
ಮೂರು: 'ಕಂಗ್ರಾಟ್ಸ್ ಸರ್, ಆ ಜಾತಿಯವರಿಗೆ ಕಾಂಟ್ರ್ಯಾಕ್ಟ್ ಕೊಟ್ರೆ ಹಿಂಗೇ ಆಗೋದು.'

ಬೈಗುಳದ ಪದಗಳನ್ನಷ್ಟೇ ಹುಡುಕುವವರು ಎರಡನೆಯದನ್ನು ಅಳಿಸಿ ಮೂರನೆಯದನ್ನು ಉಳಿಸಿಬಿಡುತ್ತಾರೆ. ಪುಟ ನೋಡಿಕೊಳ್ಳುವ ಅಡ್ಮಿನ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ.

1. ಗಟ್ಟಿಯಾಗಿ ಓದಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಕಣ್ಣಿಗೆ ಮೋಸ ಮಾಡುತ್ತದೆ. `kallu` ಎಂದರೆ ಕಲ್ಲೂ ಆಗಬಹುದು, ಕಳ್ಳೂ ಆಗಬಹುದು. ಹಳಿಯಾಳ, ಜೋಯಿಡಾದ ಕಮೆಂಟುಗಳಲ್ಲಿ ಮರಾಠಿ, ಕೊಂಕಣಿಯೂ ಬೆರೆಯುತ್ತವೆ. ಪದ ತಿಳಿಯದಿದ್ದರೆ ಆ ಭಾಷೆ ಬಲ್ಲವರನ್ನು ಕೇಳಿದ ಮೇಲೆಯೇ ತೀರ್ಮಾನಿಸಬೇಕು.

2. ಹೊಗಳಿಕೆಯನ್ನು ತಿರುವಿ ಹಾಕಿ. ಮೊದಲ ಕಮೆಂಟಿನ 'ಸೂಪರ್' ತೆಗೆದರೆ ಉಳಿಯುವುದು 'ರಸ್ತೆ ಹೊಳೆಯಾಗಿದೆ' ಎಂಬ ದೂರು. ಅದು ಕೆಲಸದ ಮೇಲಿನ ಕೊಂಕು, ಇರಲಿ. ಮೂರನೆಯದರ 'ಕಂಗ್ರಾಟ್ಸ್' ತೆಗೆದರೆ ರಸ್ತೆಯ ಮಾತೇ ಇಲ್ಲ, ಜಾತಿಯ ಹೀಯಾಳಿಕೆ ಮಾತ್ರ ಉಳಿಯುತ್ತದೆ. 'ಸರ್' ಎಂಬ ಮರ್ಯಾದೆ ಅದನ್ನು ಕೊಂಕಾಗಿಸುವುದಿಲ್ಲ.

3. ಗುರಿ ಯಾರು, ನೋಡಿ. ಕನ್ನಡ–ಇಂಗ್ಲಿಷ್ ಬೆರೆತ 7,671 ಯೂಟ್ಯೂಬ್ ಕಮೆಂಟುಗಳ 'ಕ್ಯಾನ್‌ಸಿಎಂಡಿ' ಸಂಗ್ರಹವನ್ನು ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಅದರಲ್ಲಿ ನಿಂದನೆಯನ್ನು ಗುರಿಯ ಮೇಲೆ ವಿಂಗಡಿಸಲಾಗಿದೆ: ಗುರಿಯಿಲ್ಲದ್ದು, ವ್ಯಕ್ತಿಯ ಮೇಲಿನದು, ಗುಂಪಿನ ಮೇಲಿನದು, ಇತರೆ. ಅಡ್ಮಿನ್‌ಗೂ ಇದೇ ಪ್ರಶ್ನೆ ಸಾಕಾಗುತ್ತದೆ. ಉದಾಹರಣೆಗೆ, ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಹಬ್ಬದ ಫೋಟೊ ಕೆಳಗೆ 'ವಾಪಸ್ ಪಾರ್ಸೆಲ್ ಮಾಡ್ರಿ, ಡೆಲಿವರಿ ಫ್ರೀ' ಎಂದು ನಗುವ ಇಮೋಜಿಯೊಂದಿಗೆ ಬರೆದರೆ, ಅದರಲ್ಲಿ ಒಂದೂ ಬೈಗುಳವಿಲ್ಲ. ಆದರೂ ಅದು ಒಂದು ಸಮುದಾಯವನ್ನೇ ಹೊರಗಟ್ಟುವ ಮಾತು; ತೆಗೆಯಬೇಕು.

4. ಸಂಬಂಧ ನೋಡಿ, ಆಮೇಲೆ ಕೈ ಹಾಕಿ. ಎರಡನೇ ಕಮೆಂಟಿನ 'ಲೇ ಮಗನ' ಈ ಭಾಗದ ಗೆಳೆಯರ ನಡುವೆ ಸಲುಗೆ, ಅಪರಿಚಿತರಿಗೆ ಅವಮಾನ. ಉತ್ತರ ಓದಿದರೆ ಸುಳಿವು ಸಿಗುತ್ತದೆ. 'ಹೂನಲೇ, ಪ್ಲಗ್‌ನಾಗ ನೀರು ಹೊಕ್ಕೈತಿ' ಎಂದಿದ್ದರೆ ಸಲುಗೆ. 'ಯಾರಿಗೆ ಲೇ ಅಂತೀರಿ?' ಎಂದು ಬಹುವಚನಕ್ಕೆ ತಿರುಗಿದ್ದರೆ ಎದುರಿನವರಿಗೆ ನೋವಾಗಿದೆ.

ಉತ್ತರವೇ ಇಲ್ಲದಿದ್ದರೆ ತಕ್ಷಣ ಅಳಿಸದೆ `Hide comment` ಒತ್ತಿ, ಇನ್ನೊಬ್ಬ ಅಡ್ಮಿನ್‌ಗೆ ಮೂಲ ಪೋಸ್ಟ್ ಸಮೇತ ತೋರಿಸಬೇಕು. ಹೀಗೆ ಮರೆಮಾಡಿದ ಕಮೆಂಟು ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ. ಹಾಗಾಗಿ ನಿಂದನೆ ಎಂದು ಇಬ್ಬರೂ ಒಪ್ಪಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೂರ್ತಿ ಅಳಿಸಬೇಕು. ಯಾವ ಸಾಲಿಗಾಗಿ ಅಳಿಸಿದ್ದು ಎಂಬುದನ್ನು ಬರೆದವರಿಗೂ ತಿಳಿಸಬೇಕು.