ಕಾಯುವ ಬಾಣಗಳು

ನಿನ್ನೆ ರಿವ್ಯೂ ಮುಗಿದು ಎಲ್ಲರೂ ಎದ್ದು ಹೋದ ಮೇಲೂ ನೀನು ಬೋರ್ಡಿನ ಮುಂದೆ ನಿಂತೇ ಇದ್ದೆ. ಇಪ್ಪತ್ತಕ್ಕೂ ಹೆಚ್ಚು ಚೌಕಗಳು, ಅವುಗಳ ನಡುವೆ ಜೇಡರಬಲೆಯಂತೆ ಬಾಣಗಳು. "ಇದನ್ನ ಎಲ್ಲಿಂದ ಓದೋಕೆ ಶುರು ಮಾಡಲಿ ಸರ್?" ಅಂದೆ. ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನೋಡಮ್ಮಾ, ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದಲು ಹೋಗಬೇಡ. ಗ್ರಾಹಕ ಮಾಡುವ ಒಂದೇ ಕೆಲಸವನ್ನು ಹಿಡಿದುಕೋ. ನಮ್ಮ ವ್ಯವಸ್ಥೆಯಲ್ಲಿ ಅದು ಆರ್ಡರ್ ಮಾಡುವುದು. ಅವನು ಗುಂಡಿ ಒತ್ತಿದ ಕ್ಷಣದಿಂದ ಮೊಬೈಲಿನಲ್ಲಿ ಉತ್ತರ ಕಾಣುವವರೆಗೆ ಯಾವ ಸರ್ವಿಸ್ ಯಾವುದನ್ನು ಕರೆಯುತ್ತದೆ ಎಂದು ಬೆರಳಿಟ್ಟು ನಡೆ. ಪ್ರತಿ ಬಾಣದ ಹತ್ತಿರ ನಿಂತು ಕೇಳು: ಕರೆದ ಸರ್ವಿಸ್ ಉತ್ತರ ಬರುವವರೆಗೆ ಕಾಯುತ್ತದೆಯೋ, ಇಲ್ಲ ಕ್ಯೂಗೆ ಸಂದೇಶ ಹಾಕಿ ತನ್ನ ಕೆಲಸಕ್ಕೆ ಹೋಗುತ್ತದೆಯೋ? ಕಾಯುವ ಬಾಣವನ್ನು ಕೆಂಪು ಪೆನ್ನಿನಲ್ಲಿ ತಿದ್ದು. ಎರಡನ್ನೂ ಒಂದೇ ಕಪ್ಪು ಗೆರೆಯಲ್ಲಿ ಎಳೆದಿರುತ್ತಾರೆ, ಹಾಗಾಗಿ ಅನುಮಾನ ಬಂದರೆ ಕೋಡ್ ತೆರೆದು ನೋಡಲೇಬೇಕು.

ನಮ್ಮ ಚಿತ್ರದಲ್ಲಿ ಹಾಗೆ ಕೆಂಪು ಗೆರೆ ಎಳೆಯುತ್ತಾ ಹೋದರೆ ಗೇಟ್‌ವೇ, ಆರ್ಡರ್, ಬೆಲೆ, ಆಫರ್, ಗ್ರಾಹಕ ಪ್ರೊಫೈಲ್, ಕೊನೆಗೆ ಪ್ರೊಫೈಲಿನ ಡೇಟಾಬೇಸ್ ಸಿಗುತ್ತವೆ. ಆರು ಚೌಕಗಳ ಸರಪಳಿ. ಇದರಲ್ಲಿ ಯಾವುದು ಬಿದ್ದರೂ ಆರ್ಡರ್ ಬೀಳುತ್ತದೆ. ಒಂದೊಂದೂ ಶೇ. 99.9ರಷ್ಟು ಹೊತ್ತು ಚೆನ್ನಾಗಿಯೇ ನಡೆಯುತ್ತದೆ ಅಂದುಕೊಳ್ಳೋಣ. 30 ದಿನದ ತಿಂಗಳಲ್ಲಿ ಅದು ನಿಲ್ಲುವುದು 43 ನಿಮಿಷ ಮಾತ್ರ. ಆದರೆ ಆರೂ ಬೇರೆ ಬೇರೆ ಹೊತ್ತಿನಲ್ಲಿ ಕೆಟ್ಟರೆ ಆರ್ಡರ್ ನಿಲ್ಲುವುದು ನಾಲ್ಕು ಗಂಟೆಗೂ ಮೀರಿ. ಯಾವ ತಂಡವೂ ತಪ್ಪು ಮಾಡಿಲ್ಲ, ಪ್ರತಿಯೊಬ್ಬರೂ ತಮ್ಮ ಗುರಿ ಮುಟ್ಟಿದ್ದಾರೆ. ಆದರೂ ಗ್ರಾಹಕನಿಗೆ ನಾಲ್ಕು ಗಂಟೆ ಅಂಗಡಿ ಮುಚ್ಚಿದೆ.

ಪೂರ್ತಿ ಸತ್ತ ಸರ್ವಿಸ್ ಕೂಡಲೇ ಎರರ್ ಕೊಡುತ್ತದೆ, ಎಲ್ಲಿ ಏನಾಯಿತೆಂದು ಗೊತ್ತಾಗುತ್ತದೆ. ನಾನು ಹೆದರುವುದು ನಿಧಾನವಾದ ಸರ್ವಿಸ್‌ಗೆ. ಲೆಕ್ಕ ಹಾಕಿ ನೋಡು. ಸಂಜೆ ಸೆಕೆಂಡಿಗೆ 60 ಆರ್ಡರ್ ಬರುತ್ತವೆ, ಪ್ರೊಫೈಲ್ 50 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ ಅನ್ನು. 60ನ್ನು 0.05ರಿಂದ ಗುಣಿಸಿದರೆ 3. ಅಂದರೆ ಆಫರ್ ಸರ್ವಿಸಿನಲ್ಲಿ ಯಾವ ಹೊತ್ತಿಗೂ ಮೂರು ಥ್ರೆಡ್ ಮಾತ್ರ ಪ್ರೊಫೈಲಿಗಾಗಿ ಕಾಯುತ್ತಿರುತ್ತವೆ. ಈಗ ಡೇಟಾಬೇಸಿನಲ್ಲಿ ಯಾವುದೋ ಕ್ವೆರಿ ಸಿಕ್ಕಿಹಾಕಿಕೊಂಡು ಪ್ರೊಫೈಲಿನ ಉತ್ತರಕ್ಕೆ 5 ಸೆಕೆಂಡ್ ಹಿಡಿಯಿತು. ಆಗ ಬೇಕಾಗುವುದು 300 ಥ್ರೆಡ್. ಸ್ಪ್ರಿಂಗ್ ಬೂಟ್ ಜೊತೆಗೆ ಬರುವ ಟಾಮ್‌ಕ್ಯಾಟ್‌ನಲ್ಲಿ, ನಾವಾಗಿ ಬದಲಿಸದಿದ್ದರೆ, ಇರುವುದೇ 200. ಮೂರು ನಾಲ್ಕು ಸೆಕೆಂಡಿನಲ್ಲಿ ಅಷ್ಟೂ ಮುಗಿದುಹೋಗುತ್ತವೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಾಯುತ್ತಿರುವ ಒಂದು ಆರ್ಡರ್ ಆಫರಿನಲ್ಲಷ್ಟೇ ಅಲ್ಲ, ಅದೇ ಹೊತ್ತಿಗೆ ಬೆಲೆ ಸರ್ವಿಸಿನಲ್ಲೂ ಆರ್ಡರ್ ಸರ್ವಿಸಿನಲ್ಲೂ ಒಂದೊಂದು ಥ್ರೆಡ್ ಹಿಡಿದುಕೊಂಡಿರುತ್ತದೆ. ಹಾಗಾಗಿ ಮೂರೂ ಒಟ್ಟಿಗೇ ತುಂಬುತ್ತವೆ. 'ನನ್ನ ಹಳೆಯ ಆರ್ಡರ್ ಎಲ್ಲಿದೆ' ಎಂದು ಕೇಳುವವನಿಗೆ ಪ್ರೊಫೈಲೂ ಬೇಡ, ಆಫರೂ ಬೇಡ. ಆದರೂ ಅವನಿಗೆ ಉತ್ತರ ಕೊಡಲು ಆರ್ಡರ್ ಸರ್ವಿಸಿನಲ್ಲಿ ಥ್ರೆಡ್ ಉಳಿದಿರುವುದಿಲ್ಲ.

ಇದನ್ನು ಕಲಿಯಲು ನನಗೆ ಒಂದು ಹಬ್ಬದ ಹಿಂದಿನ ಸಂಜೆ ಬೇಕಾಯಿತು. ಆಗ ನಾನಿದ್ದ ಕಂಪನಿಯಲ್ಲಿ ಆರ್ಡರ್ ಆದ ಕೂಡಲೇ ಗ್ರಾಹಕನಿಗೆ ಎಸ್‌ಎಂಎಸ್ ಹೋಗುತ್ತಿತ್ತು, ಆ ಕರೆಗೆ ಟೈಮ್‌ಔಟ್ ಇಟ್ಟಿರಲಿಲ್ಲ. ಎಸ್‌ಎಂಎಸ್ ಕಳಿಸುವವರ ಕಡೆ ನಿಧಾನವಾಯಿತು, ನಮ್ಮಲ್ಲಿ ಆರ್ಡರುಗಳೇ ನಿಂತವು. ಗೇಟ್‌ವೇಯಲ್ಲಿ ಬರೀ 504. ನಾವು ಒಂದು ಗಂಟೆ ಡೇಟಾಬೇಸಿನ ಹಿಂದೆ ಬಿದ್ದೆವು. ಎಲ್ಲಾ ಸರ್ವಿಸುಗಳ ಸಿಪಿಯು ಹತ್ತು ಪರ್ಸೆಂಟಿನಲ್ಲಿ ತಣ್ಣಗೆ ಕೂತಿತ್ತು. ಸುಳಿವು ಅದೇ ಆಗಿತ್ತು, ನಮಗೆ ಹೊಳೆಯಲಿಲ್ಲ. ಉತ್ತರ ಬರುತ್ತಿಲ್ಲ, ಆದರೆ ಸಿಪಿಯು ಖಾಲಿ ಎಂದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ ಎಂದೇ ಅರ್ಥ. ಕೊನೆಗೆ ಥ್ರೆಡ್ ಡಂಪ್ ತೆಗೆದಾಗ ಹೆಚ್ಚುಕಡಿಮೆ ಎಲ್ಲಾ ಥ್ರೆಡ್‌ಗಳೂ ಆ ಒಂದೇ ಕರೆಯ ಉತ್ತರ ಓದಲು ನಿಂತಿದ್ದವು.

ಆದ್ದರಿಂದ ಪ್ರತಿ ಕೆಂಪು ಬಾಣದ ಪಕ್ಕ ಎರಡು ಸಂಖ್ಯೆ ಬರೆ: ಟೈಮ್‌ಔಟ್ ಎಷ್ಟು, ರೀಟ್ರೈ ಎಷ್ಟು. ಬರೆದ ಕೂಡಲೇ ತಪ್ಪುಗಳು ತಾವಾಗಿ ಎದ್ದು ಕಾಣುತ್ತವೆ. ಆರ್ಡರ್ 3 ಸೆಕೆಂಡಿಗೆ ಕೈಬಿಡುತ್ತದೆ, ಅದರ ಕೆಳಗಿನ ಬೆಲೆ ಸರ್ವಿಸ್ 5 ಸೆಕೆಂಡ್ ಕಾಯುತ್ತದೆ ಎಂದಿಟ್ಟುಕೋ. ಉಳಿದ ಎರಡು ಸೆಕೆಂಡ್ ಬೆಲೆ ಸರ್ವಿಸ್ ಯಾರಿಗೂ ಬೇಡದ ಉತ್ತರಕ್ಕೆ ದುಡಿಯುತ್ತದೆ. ಹೊರಗಿನದು ಒಳಗಿನದಕ್ಕಿಂತ ಹೆಚ್ಚು ಹೊತ್ತು ಕಾಯಬೇಕು. ರೀಟ್ರೈ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂರು ಹಂತಗಳಲ್ಲಿ ಒಂದೊಂದೂ ಮೂರು ಸಲ ಪ್ರಯತ್ನಿಸಿದರೆ ಗ್ರಾಹಕನ ಒಂದು ಒತ್ತು ತಳದಲ್ಲಿ 27 ಕರೆ ಆಗುತ್ತದೆ, ಅದೂ ತಳದವನು ಏದುಸಿರು ಬಿಡುತ್ತಿರುವ ಹೊತ್ತಿನಲ್ಲಿ.

ಸರಪಳಿ ಕಡಿಯುವ ಜಾಗವೂ ಆಗ ಕಾಣುತ್ತದೆ. ಆಫರ್ ಪ್ರತಿ ಸಲವೂ ಪ್ರೊಫೈಲನ್ನು ಕೇಳುವುದು ಗ್ರಾಹಕ ಯಾವ ದರ್ಜೆಯವನು ಎಂಬ ಒಂದೇ ಮಾತನ್ನು. ಆ ದರ್ಜೆ ತಿಂಗಳಿಗೊಮ್ಮೆ ಬದಲಾದರೆ ಹೆಚ್ಚು. ಬದಲಾದಾಗ ಪ್ರೊಫೈಲ್ ಕ್ಯೂಗೆ ತಿಳಿಸಲಿ, ಆಫರ್ ಅದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ. ಅಲ್ಲಿಗೆ ಕೊನೆಯ ಎರಡು ಚೌಕ ಸರಪಳಿಯಿಂದ ಕಳಚುತ್ತವೆ. ಬದಲಿಗೆ ಕೆಲವು ನಿಮಿಷ ಹಳೆಯ ದರ್ಜೆಯ ರಿಯಾಯಿತಿ ಸಿಗಬಹುದು. ಅದು ಸರಿಯೇ ಎಂದು ವ್ಯಾಪಾರದವರನ್ನು ಕೇಳು, ನೀನೇ ತೀರ್ಮಾನಿಸಬೇಡ. ದಾಸ್ತಾನು ಕಾಯ್ದಿರಿಸುವುದು, ಹಣ ಪಡೆಯುವುದು ಹಾಗಲ್ಲ. ಗ್ರಾಹಕನಿಗೆ ಆ ಕ್ಷಣವೇ ಉತ್ತರ ಬೇಕು, ಅಲ್ಲಿ ಬಾಣ ಕೆಂಪಾಗಿಯೇ ಇರಲಿ.

ಇನ್ನು ಒಂಟಿ ಕಂಬಗಳು. ಯಾವ ಚೌಕಕ್ಕೆ ಅತಿ ಹೆಚ್ಚು ಬಾಣ ಬಂದು ಸೇರುತ್ತವೆ ಎಂದು ಎಣಿಸು. ನಮ್ಮಲ್ಲಿ ಅದು ಮೂಲೆಯಲ್ಲಿ ಚಿಕ್ಕದಾಗಿ ಬರೆದ ಲಾಗಿನ್ ಸರ್ವಿಸ್. ಪ್ರತಿ ಸರ್ವಿಸೂ ಪ್ರತಿ ಕರೆಗೂ ಟೋಕನ್ ಸರಿಯೇ ಎಂದು ಅದನ್ನೇ ಕೇಳುತ್ತದೆ. ಅದರ ಪಬ್ಲಿಕ್ ಕೀ ತಮ್ಮಲ್ಲಿಟ್ಟುಕೊಂಡು ಸಹಿಯನ್ನು ತಾವೇ ಪರೀಕ್ಷಿಸಿದರೆ ಅಷ್ಟೂ ಬಾಣ ಅಳಿಸಬಹುದು. ಆದರೆ ಆಗ ಹಿಂಪಡೆದ ಟೋಕನ್ ಕೂಡ ಅವಧಿ ಮುಗಿಯುವವರೆಗೆ ನಡೆಯುತ್ತದೆ, ಹಾಗಾಗಿ ಅವಧಿಯನ್ನು ನಿಮಿಷಗಳಲ್ಲಿ ಇಡಬೇಕು.

'ಅದರ ಮೂರು ಪ್ರತಿ ಓಡುತ್ತಿವೆ' ಎಂದರೆ ತಲೆಯಾಡಿಸಿ ಬಿಡಬೇಡ. ಮೂರೂ ಒಂದೇ ಡೇಟಾಬೇಸಿಗೆ ಹೋಗುತ್ತವೆಯೇ? ಮೂರೂ ಒಂದೇ ಯಂತ್ರದ ಮೇಲೆ ಕೂತಿವೆಯೇ? ಎರಡನೆಯದಕ್ಕೆ ಈ ಕಮಾಂಡ್ ಕೊಟ್ಟು `NODE` ಕಾಲಂ ನೋಡು:

```
kubectl get pods -o wide
```

ಚಿತ್ರದಲ್ಲಿ ಇಲ್ಲವೇ ಇಲ್ಲದ ಕಂಬಗಳೂ ಇರುತ್ತವೆ. ಡಿಎನ್‌ಎಸ್ ಅಂಥದ್ದು, ಕಾನ್ಫಿಗ್ ಸರ್ವರ್ ಅಂಥದ್ದು. ಕಾನ್ಫಿಗ್ ಸರ್ವರ್ ಬೇಕಾಗುವುದು ಸರ್ವಿಸ್ ಶುರುವಾಗುವಾಗ ಮಾತ್ರ, ಆದ್ದರಿಂದ ಅದು ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಯಾವುದೋ ಕೆಟ್ಟು ಎಲ್ಲವನ್ನೂ ರೀಸ್ಟಾರ್ಟ್ ಮಾಡಲು ಹೋದಾಗ ಒಂದೂ ಮೇಲೇಳುವುದಿಲ್ಲ. 2017ರ ಫೆಬ್ರವರಿ 28ರಂದು ಅಮೆಜಾನಿನ ಎಸ್3 ಸಂಗ್ರಹ ಸೇವೆ ಕೆಟ್ಟಾಗ, ತೊಂದರೆ ಇದೆ ಎಂದು ತಮ್ಮ ಸ್ಥಿತಿಫಲಕದಲ್ಲಿ ತೋರಿಸಲು ಅವರಿಗೆ ಕೆಲ ಹೊತ್ತು ಆಗಲಿಲ್ಲ. ಆ ಫಲಕವನ್ನು ನಿರ್ವಹಿಸುವ ಕನ್ಸೋಲ್ ಕೂಡ ಎಸ್3 ಮೇಲೇ ನಿಂತಿತ್ತು. ನಮ್ಮ ಅಲಾರಂ ವ್ಯವಸ್ಥೆ ಯಾವುದರ ಮೇಲೆ ನಿಂತಿದೆ ಎಂದು ನನಗೂ ಒಮ್ಮೆ ಹುಡುಕಿ ಹೇಳು.

ಸೋಮವಾರ ಕೆಂಪು ಗೆರೆಗಳ ಚಿತ್ರ ತೆಗೆದುಕೊಂಡು ಬಾ. ಸ್ಟೇಜಿಂಗ್‌ನಲ್ಲಿ ಪ್ರೊಫೈಲ್ ಸರ್ವಿಸಿಗೆ ಬೇಕೆಂದೇ 5 ಸೆಕೆಂಡ್ ತಡ ಹಾಕಿ, ಸಂಜೆಯಷ್ಟು ಲೋಡ್ ಕೊಟ್ಟು, ಯಾವ ಚೌಕ ಮೊದಲು ಉಸಿರು ಕಟ್ಟುತ್ತದೆ ಎಂದು ನಿನ್ನ ಚಿತ್ರ ಪಕ್ಕಕ್ಕಿಟ್ಟುಕೊಂಡು ಇಬ್ಬರೂ ನೋಡೋಣ.