ಪದವೀಧರ ಮತದಾರರ ನೋಂದಣಿ: ಪ್ರಚಾರಕ್ಕೆ ಇಳಿಯಬೇಕಾದದ್ದು ಯಾವಾಗ?

ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಲು ಆಗುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಇದೆ, ಪ್ರತಿ ಚುನಾವಣೆಗೂ ಅದನ್ನು ಮೊದಲಿನಿಂದ ತಯಾರಿಸುತ್ತಾರೆ. ಕಳೆದ ಸಲ ಮತ ಹಾಕಿದವರೂ ಮತ್ತೆ ನಮೂನೆ-18 ತುಂಬಲೇಬೇಕು. ತುಮಕೂರು ಜಿಲ್ಲೆ ಸೇರಿರುವ ಆಗ್ನೇಯ ಪದವೀಧರ ಕ್ಷೇತ್ರಕ್ಕೂ ಇದೇ ನಿಯಮ.

ನವೆಂಬರ್ 1 ಅರ್ಹತಾ ದಿನ. ಅಂದಿಗೆ ಪದವಿ ಪಡೆದು ಕನಿಷ್ಠ 3 ವರ್ಷ ಆಗಿರಬೇಕು, ಕ್ಷೇತ್ರದಲ್ಲಿ ವಾಸವಿರಬೇಕು. ಸಾಮಾನ್ಯವಾಗಿ ಅಕ್ಟೋಬರ್ ಆರಂಭದಲ್ಲಿ ಪ್ರಕಟಣೆ ಹೊರಟು, ನವೆಂಬರ್ 6ಕ್ಕೆ ಮೊದಲ ಸುತ್ತಿನ ಅರ್ಜಿ ಮುಗಿಯುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘ, ವಕೀಲರ ಸಂಘ, ನೌಕರರ ಸಂಘಗಳು ಜನರನ್ನು ನೋಂದಾಯಿಸಲು ಓಡಾಡುವುದು ಈ ಐದು ವಾರಗಳಲ್ಲಿ. ಅಲ್ಲಿ ಪ್ರತಿ ಸಲ ಏಳುವ ಪ್ರಶ್ನೆ ಒಂದೇ: ಇಷ್ಟು ಅರ್ಜಿ ಬಂದಿದೆ, ಇದು ಸಾಕೇ? ಈಗ ಆಟೋಗೆ ಮೈಕ್ ಕಟ್ಟಬೇಕೇ, ಕಾಯಬೇಕೇ?

ಹಂತ 1: ಎಣಿಸಬೇಕಾದದ್ದನ್ನು ಎಣಿಸಿ

ಹಂಚಿದ ನಮೂನೆಗಳ ಲೆಕ್ಕ ಬೇರೆ, ಸಲ್ಲಿಕೆಯಾದ ಅರ್ಜಿಗಳ ಲೆಕ್ಕ ಬೇರೆ. ಸಲ್ಲಿಕೆಯಾಯಿತು ಎನ್ನಲು ಕಚೇರಿ ಕೊಟ್ಟ ಸ್ವೀಕೃತಿ ಚೀಟಿಯೇ ಆಧಾರ. ಒಬ್ಬರೇ ಹತ್ತಾರು ಜನರ ಅರ್ಜಿಯ ಕಟ್ಟು ಹೊತ್ತು ತಂದರೆ ಸ್ವೀಕರಿಸುವುದಿಲ್ಲ. ಒಂದೇ ಮನೆಯವರದ್ದನ್ನು ಒಬ್ಬರು ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದ್ದನ್ನು ಒಟ್ಟಾಗಿ ಕೊಡಬಹುದು. ಹಾಗಾಗಿ ಅರ್ಜಿದಾರರು ಸ್ವೀಕೃತಿಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತೆ ಹೇಳಿ. ಸಲ್ಲಿಕೆಯಾದದ್ದೆಷ್ಟು, ಹಂಚಿದ್ದೆಷ್ಟು ಎಂದು ತಾಲ್ಲೂಕುವಾರು ಎರಡು ಕಾಲಂ ಬರೆಯುತ್ತಾ ಹೋಗಿ.

ಹಂತ 2: ಗುರಿಗೆ ತಾರೀಖು ಹಚ್ಚಿ

ಗುರಿಯನ್ನು ದಿನಗಳಿಗೆ ಸಮನಾಗಿ ಹಂಚುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ತಾರೀಖಿರುವ ಯಾವ ಅರ್ಜಿಯೂ ಸಮನಾಗಿ ಬರುವುದಿಲ್ಲ. ಮೊದಲು ನಿಧಾನ, ನಡುವೆ ಹಬ್ಬದ ರಜೆಗೆ ಮಂದ, ಕೊನೆಯ ವಾರ ನೂಕುನುಗ್ಗಲು. ಸಮನಾದ ರೇಖೆ ಇಟ್ಟುಕೊಂಡರೆ ಮೊದಲ ಮೂರು ವಾರ ಸುಮ್ಮನೆ ಗಾಬರಿಯಾಗುತ್ತದೆ. ರೇಖೆಯೇ ಇಲ್ಲದಿದ್ದರೆ 'ಕೊನೆಗೆ ಬರುತ್ತಾರೆ ಬಿಡಿ' ಎಂಬ ಮಾತಿಗೆ ಎದುರು ಹೇಳಲು ಏನೂ ಇರುವುದಿಲ್ಲ.

ಹಿಂದಿನ ಸಲದ ದಿನವಾರು ಲೆಕ್ಕ ನಿಮ್ಮಲ್ಲಿದ್ದರೆ ಅದರಿಂದ ಶೇಕಡಾವಾರು ತೆಗೆಯಿರಿ. ಇಲ್ಲದಿದ್ದರೆ ಒಂದು ಅಂದಾಜಿನಿಂದ ಆರಂಭಿಸಬಹುದು:

- ಅಕ್ಟೋಬರ್ 6ಕ್ಕೆ ಗುರಿಯ ಶೇ 8
- ಅಕ್ಟೋಬರ್ 13ಕ್ಕೆ ಶೇ 18
- ಅಕ್ಟೋಬರ್ 20ಕ್ಕೆ ಶೇ 30
- ಅಕ್ಟೋಬರ್ 27ಕ್ಕೆ ಶೇ 48
- ನವೆಂಬರ್ 3ಕ್ಕೆ ಶೇ 78
- ನವೆಂಬರ್ 6ಕ್ಕೆ ಶೇ 100

ಇದು ನಿಯಮವಲ್ಲ. ದಸರಾ, ದೀಪಾವಳಿ ಯಾವ ವಾರ ಬಿದ್ದಿವೆ ಎಂದು ನೋಡಿ ಆ ವಾರದ ಪಾಲನ್ನು ಕಡಿಮೆ ಮಾಡಿ, ಮುಂದಿನ ವಾರಕ್ಕೆ ಸೇರಿಸಿ. ಕಚೇರಿ ಮುಚ್ಚಿದ ದಿನ ಅರ್ಜಿ ಬರಲಿಲ್ಲ ಎಂದು ಜನರ ಆಸಕ್ತಿಯನ್ನು ಅಳೆಯಬಾರದು.

ಹಂತ 3: ಊರು ಊರು ಬೇರೆ ಮಾಡಿ ನೋಡಿ

ಒಂದು ಹಳೆಯ ವಿದ್ಯಾರ್ಥಿಗಳ ಸಂಘ 1,200 ಅರ್ಜಿಗಳ ಗುರಿ ಹಾಕಿಕೊಂಡಿದೆ ಎಂದಿಟ್ಟುಕೊಳ್ಳೋಣ: ತುಮಕೂರು ನಗರಕ್ಕೆ 600, ಗುಬ್ಬಿ ಮತ್ತು ಕುಣಿಗಲ್‌ಗೆ ತಲಾ 300. ಅಕ್ಟೋಬರ್ 20ರಂದು ಶೇ 30ರ ಲೆಕ್ಕದಲ್ಲಿ ಒಟ್ಟು 360 ಬರಬೇಕಿತ್ತು. ಬಂದದ್ದು 322. ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ, ಪರವಾಗಿಲ್ಲ ಅನ್ನಿಸುತ್ತದೆ.

ಬಿಡಿಸಿ ನೋಡಿದರೆ ಕತೆ ಬೇರೆ. ನಗರದಲ್ಲಿ 180ರ ಬದಲು 196 ಬಂದಿದೆ. ಗುಬ್ಬಿಯಲ್ಲಿ 90ಕ್ಕೆ 85. ಕುಣಿಗಲ್‌ನಲ್ಲಿ 90ಕ್ಕೆ ಬರೀ 41. ನಗರದ ಹೆಚ್ಚುವರಿ ಕುಣಿಗಲ್‌ನ ಕೊರತೆಯನ್ನು ಮುಚ್ಚಿಹಾಕಿದೆ. ಹೀಗೇ ಮುಂದುವರಿದರೆ ಕುಣಿಗಲ್ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು, ಬಂದ ಸಂಖ್ಯೆಯನ್ನು ಅಂದಿನ ಪಾಲಿನಿಂದ ಭಾಗಿಸಿ: 41 ÷ 0.30, ಅಂದರೆ ಸುಮಾರು 137. ಗುರಿಯ ಅರ್ಧಕ್ಕೂ ಕಡಿಮೆ.

ಹಂತ 4: ಒಂದು ವಾರ ನೋಡಿ ಓಡಬೇಡಿ

ಆ ದಿನ ಬರಬೇಕಿದ್ದುದರಲ್ಲಿ ಶೇ 85ಕ್ಕಿಂತ ಹೆಚ್ಚು ಬಂದಿದ್ದರೆ ಏನೂ ಮಾಡಬೇಡಿ. 70ರಿಂದ 85ರೊಳಗಿದ್ದರೆ ಮುಂದಿನ ವಾರದ ಲೆಕ್ಕ ನೋಡಿ. ಸತತ ಎರಡು ವಾರ 70ಕ್ಕಿಂತ ಕೆಳಗಿದ್ದರೆ ಕೈಹಾಕಿ. ಮೊದಲ ವಾರದ ಸಂಖ್ಯೆ ತೀರಾ ಸಣ್ಣದು, ಅದನ್ನು ನಂಬಿ ತೀರ್ಮಾನಿಸಬೇಡಿ. ಕುಣಿಗಲ್‌ನಲ್ಲಿ ಅಕ್ಟೋಬರ್ 13ಕ್ಕೆ 54 ಬರಬೇಕಿದ್ದಲ್ಲಿ 31 ಬಂದಿತ್ತು, 20ರಂದು 90ಕ್ಕೆ 41. ಎರಡೂ ಸಲ 70ರ ಕೆಳಗೆ. ಇನ್ನು ಕಾಯುವ ಹಾಗಿಲ್ಲ.

ಹಂತ 5: ಮೈಕ್ ಕಟ್ಟುವ ಮುನ್ನ ಎರಡನೇ ಕಾಲಂ ನೋಡಿ

ಕುಣಿಗಲ್‌ನಲ್ಲಿ ಅಂದಿಗೆ ಹಂಚಿದ ನಮೂನೆ 160, ವಾಪಸ್ ಸಲ್ಲಿಕೆ 41. ಗುಬ್ಬಿಯಲ್ಲಿ ಹಂಚಿದ್ದು 95, ಸಲ್ಲಿಕೆ 85. ಕುಣಿಗಲ್ ಜನಕ್ಕೆ ವಿಷಯ ಗೊತ್ತಾಗಿದೆ, ನಮೂನೆಯೂ ಮನೆ ಸೇರಿದೆ. ಆಮೇಲೆ ಎಲ್ಲೋ ನಿಂತಿದೆ. ಅರ್ಜಿಯ ಜೊತೆ ಪದವಿ ಪ್ರಮಾಣಪತ್ರದ ದೃಢೀಕರಿಸಿದ ಪ್ರತಿ ಬೇಕು. ಸಹಿ ಹಾಕುವ ಪತ್ರಾಂಕಿತ ಅಧಿಕಾರಿಯನ್ನು ಹುಡುಕಬೇಕು. ಬೆಳಿಗ್ಗೆ ಬೆಂಗಳೂರಿನ ಬಸ್ ಹತ್ತಿ ರಾತ್ರಿ ಮನೆಗೆ ಬರುವವರಿಗೆ ಕಚೇರಿ ವೇಳೆಯೇ ಸಿಗುವುದಿಲ್ಲ. ಇಲ್ಲಿ ಇನ್ನಷ್ಟು ಪ್ರಚಾರ ಮಾಡಿದರೆ ಬೀರುವಿನಲ್ಲಿ ಖಾಲಿ ನಮೂನೆಗಳು ಹೆಚ್ಚುತ್ತವೆ, ಅಷ್ಟೆ. ಬೇಕಾದದ್ದು ಸಂಜೆ ಅಥವಾ ಭಾನುವಾರ ಒಬ್ಬ ಅಧಿಕಾರಿಯನ್ನು ಕೂರಿಸಿ ದೃಢೀಕರಣ ಮಾಡಿಸುವ ಶಿಬಿರ, ನಮೂನೆ ಒಯ್ದವರಿಗೆ ಒಂದೊಂದು ಫೋನ್.

ಗುಬ್ಬಿಯಂತೆ, ಪಡೆದವರೆಲ್ಲ ಸಲ್ಲಿಸುತ್ತಿದ್ದೂ ಸಂಖ್ಯೆ ಹಿಂದೆ ಬಿದ್ದರೆ ಮಾತ್ರ ಸುದ್ದಿ ತಲುಪಿಲ್ಲ ಎಂದರ್ಥ. ಆಗ ಪ್ರಚಾರ ಕೆಲಸ ಮಾಡುತ್ತದೆ.

ಹಂತ 6: ಚೇತರಿಕೆಯನ್ನೂ ಅನುಮಾನಿಸಿ

ಶಿಬಿರ ನಡೆಯಿತು. ಅಕ್ಟೋಬರ್ 27ಕ್ಕೆ ಕುಣಿಗಲ್ ಲೆಕ್ಕ 118 ಮುಟ್ಟಿತು. ಬೇಕಿದ್ದುದು 144. ಒಂದು ವಾರದಲ್ಲಿ 54ರ ಬದಲು 77 ಬಂದಿದೆ, ವೇಗ ರೇಖೆಯನ್ನು ಮೀರಿದೆ. ಇಲ್ಲಿಗೆ ನಿಟ್ಟುಸಿರು ಬಿಡುವ ಸಂಘಗಳೇ ಹೆಚ್ಚು.

ಆದರೆ ಮತ್ತೆ ಎರಡನೇ ಕಾಲಂ ನೋಡಿ. ಹಂಚಿದ ನಮೂನೆ ಈಗ 180. ಅಂದರೆ ಹೊರಗೆ ಉಳಿದಿರುವುದು 62, ಗುರಿಗೆ ಇನ್ನೂ ಬೇಕಿರುವುದು 182. ಶಿಬಿರಕ್ಕೆ ಬಂದವರು ಹೆಚ್ಚಾಗಿ ಹಳೆಯ ಬಾಕಿಯವರು. ಉಳಿದ 62 ಜನ ಒಬ್ಬರೂ ತಪ್ಪದೆ ಬಂದರೂ 180ಕ್ಕೆ ನಿಲ್ಲುತ್ತದೆ. ಹೊಸಬರು ಬೇಕು. ಕುಣಿಗಲ್‌ನಲ್ಲಿ ಪ್ರಚಾರಕ್ಕೆ ಇಳಿಯಬೇಕಾದದ್ದು ಈಗ, ಕಳೆದ ವಾರ ಅಲ್ಲ.

ಹಂತ 7: ಪ್ರಚಾರಕ್ಕೂ ಕೊನೆಯ ದಿನವಿದೆ

ಸುದ್ದಿ ಕೇಳಿದ ದಿನವೇ ಯಾರೂ ಅರ್ಜಿ ಕೊಡುವುದಿಲ್ಲ. ಪ್ರಮಾಣಪತ್ರ ಹುಡುಕಿ, ಜೆರಾಕ್ಸ್ ಮಾಡಿಸಿ, ಸಹಿ ಹಾಕಿಸಿ ಕಚೇರಿಗೆ ಹೋಗುವಷ್ಟರಲ್ಲಿ ದಿನಗಳು ಕಳೆಯುತ್ತವೆ. ಹತ್ತು ಜನ ನಮೂನೆ ಒಯ್ದ ಮತ್ತು ಸಲ್ಲಿಸಿದ ತಾರೀಖುಗಳನ್ನು ಹೋಲಿಸಿದರೆ ನಿಮ್ಮೂರಿನ ಅಂತರ ಸಿಗುತ್ತದೆ. ಅದು ಏಳು ದಿನವಾದರೆ, ಅಕ್ಟೋಬರ್ 30ರ ನಂತರ ಅಂಟಿಸಿದ ಪೋಸ್ಟರ್ ನವೆಂಬರ್ 6ಕ್ಕೆ ಹೆಚ್ಚು ಅರ್ಜಿ ತರಲಾರದು. ಅಲ್ಲಿಂದಾಚೆ ಹಣ ಮತ್ತು ಜನವನ್ನು ಕರೆ ಮಾಡಲು, ದೃಢೀಕರಣಕ್ಕೆ, ಕಚೇರಿ ಮುಂದೆ ತಪ್ಪು ತಿದ್ದಲು ಹಾಕಿ.

ನವೆಂಬರ್ ಕೊನೆಯ ಹೊತ್ತಿಗೆ ಕರಡು ಪಟ್ಟಿ ಬಂದಾಗ ಸ್ವೀಕೃತಿ ಇರುವ ಪ್ರತಿ ಹೆಸರನ್ನೂ ಅದರಲ್ಲಿ ಹುಡುಕಿ. ಬಿಟ್ಟುಹೋದವರಿಗೆ ಹಕ್ಕು-ಆಕ್ಷೇಪಣೆಯ ಅವಧಿ ಇರುತ್ತದೆ. ದಿನವಾರು ಲೆಕ್ಕದ ಪುಸ್ತಕವನ್ನು ಮಾತ್ರ ಎಸೆಯಬೇಡಿ. ಆರು ವರ್ಷದ ನಂತರ ಪಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗ ಗುರಿರೇಖೆಯನ್ನು ಅಂದಾಜಿನಲ್ಲಿ ಎಳೆಯಬೇಕಾಗಿಲ್ಲ.