ಕೈಗಡದ ಬಡ್ಡಿಗೂ ಒಂದು ಲೆಕ್ಕವಿರಲಿ

ಸ್ನೇಹಿತರಿಗೋ ನೆಂಟರಿಗೋ ಬಡ್ಡಿಗೆ ಕೊಟ್ಟ ಸಾಲದಲ್ಲಿ ಅಸಲು ಮರಳಿ ಬಂದರೆ ಅದಕ್ಕೆ ತೆರಿಗೆಯಿಲ್ಲ. ಬಡ್ಡಿಗೆ ಮಾತ್ರ ಇದೆ. ಅದು ‘ಇತರ ಮೂಲಗಳ ಆದಾಯ’ಕ್ಕೆ ಸೇರಿ, ನಿಮ್ಮ ಒಟ್ಟು ಆದಾಯದ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿ ಇದಕ್ಕೆ ಸಿಗುವುದಿಲ್ಲ. ನಿಯಮ ಇಷ್ಟೇ. ತೊಡಕು ಶುರುವಾಗುವುದು ಬಂದ ಹಣದಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ಆ ಬಡ್ಡಿ ಯಾವ ವರ್ಷದ್ದು ಎಂಬಲ್ಲಿ. ಆದ್ದರಿಂದ ತೆರಿಗೆಯ ಲೆಕ್ಕ ಶುರುವಾಗಬೇಕಾದದ್ದು ರಿಟರ್ನ್ಸ್ ಸಲ್ಲಿಸುವಾಗ ಅಲ್ಲ, ಸಾಲ ಕೊಡುವ ದಿನವೇ ಎಂಬುದು ನನ್ನ ವಾದ.

ಒಂದು ಲೆಕ್ಕ ನೋಡೋಣ. ತಂಗಿಯ ಮಗನಿಗೆ 2023ರ ಜುಲೈ 1ರಂದು 3 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇ 8ರ ಸರಳ ಬಡ್ಡಿಗೆ ಕೊಟ್ಟಿದ್ದೀರಿ. ಎರಡು ವರ್ಷ ತುಂಬಿದಾಗ ಆತ 3,48,000 ರೂಪಾಯಿ ಒಟ್ಟಿಗೆ ಮರಳಿಸಿದ. ನೀವು ಕೈಗೆ ಬಂದಾಗ ಆದಾಯ ಎಂದು ಎಣಿಸುವವರಾದರೆ ಪೂರ್ತಿ 48,000 ರೂಪಾಯಿ 2025–26ರ ಆದಾಯ. ಬಾಕಿಯಾದಂತೆಲ್ಲ ಎಣಿಸುವವರಾದರೆ ಮೊದಲ ಆರ್ಥಿಕ ವರ್ಷಕ್ಕೆ 18,000, ಮುಂದಿನದಕ್ಕೆ 24,000, ಕೊನೆಯ ಮೂರು ತಿಂಗಳಿಗೆ 6,000. ಎರಡನೆಯ ಕ್ರಮದಲ್ಲಿ ಕೈಗೆ ಬಾರದ ಬಡ್ಡಿಗೂ ತೆರಿಗೆ ಕಟ್ಟಬೇಕಾಗುತ್ತದೆ. ಹಾಗಾಗಿ ಅಪರೂಪಕ್ಕೆ ಸಾಲ ಕೊಡುವವರಿಗೆ ಮೊದಲನೆಯದೇ ಸೂಕ್ತವೆಂದು ನನಗನಿಸುತ್ತದೆ. ಆದರೆ ಅನುಕೂಲ ನೋಡಿ ವರ್ಷಕ್ಕೊಂದು ಕ್ರಮ ಹಿಡಿಯುವಂತಿಲ್ಲ, ಆರಿಸಿಕೊಂಡದ್ದನ್ನೇ ಪಾಲಿಸಬೇಕು.

‘ಸಂಬಂಧಿಕರಿಂದ ಬಂದ ಹಣಕ್ಕೆ ತೆರಿಗೆಯಿಲ್ಲವಲ್ಲ?’ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಇರುವುದು ಉಡುಗೊರೆಗೆ. ಬಡ್ಡಿ ಉಡುಗೊರೆಯಲ್ಲ, ಹಣ ಬಳಸಿಕೊಂಡದ್ದಕ್ಕೆ ಕೊಟ್ಟ ಪ್ರತಿಫಲ. ‘ಟಿಡಿಎಸ್ ಕಡಿತವಾಗಿಲ್ಲ, ಯಾರಿಗೆ ಗೊತ್ತಾಗುತ್ತದೆ?’ ಎಂಬುದು ಇನ್ನೊಂದು ಮಾತು. ಸಂಬಳದಾರನಂಥ ಸಾಮಾನ್ಯ ಸಾಲಗಾರ ಟಿಡಿಎಸ್ ಕಡಿತ ಮಾಡಬೇಕಿಲ್ಲ, ನಿಜ. ಅದಕ್ಕೇ ಈ ಬಡ್ಡಿ ರಿಟರ್ನ್ಸ್‌ನಲ್ಲಿ ತಾನಾಗಿ ಮೂಡುವುದಿಲ್ಲ, ನೀವೇ ನಮೂದಿಸಬೇಕು. ಇಷ್ಟಾಗಿಯೂ ಬ್ಯಾಂಕ್ ಖಾತೆಯಲ್ಲಿ 3,48,000 ರೂಪಾಯಿಯ ಜಮೆ ಕಾಣುತ್ತದೆ. ಪ್ರಶ್ನೆ ಬಂದರೆ ಅದರಲ್ಲಿ 3 ಲಕ್ಷ ನಿಮ್ಮದೇ ಅಸಲು ಎಂದು ತೋರಿಸುವ ಹೊಣೆ ನಿಮ್ಮದು. ಕಾಗದವಿಲ್ಲದಿದ್ದರೆ, 48,000ದ ತೆರಿಗೆ ಉಳಿಸಲು ಹೋಗಿ ಪೂರ್ತಿ ಮೊತ್ತಕ್ಕೇ ವಿವರಣೆ ಕೊಡುತ್ತ ಕೂರಬೇಕಾದೀತು.

‘ನೆಂಟರ ಹತ್ತಿರ ಬರೆಸಿಕೊಳ್ಳುವುದು ಅಪನಂಬಿಕೆಯಾಗದೇ?’ ಎಂಬ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೆ ಆ ಕಾಗದ ಸಾಲ ಪಡೆದವರನ್ನೂ ಕಾಯುತ್ತದೆ: ತಮ್ಮ ಖಾತೆಗೆ ಬಂದದ್ದು ಆದಾಯವಲ್ಲ, ಸಾಲ ಎಂಬುದಕ್ಕೆ ಅವರಿಗೂ ಅದೇ ಆಧಾರ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಸಾಲದಷ್ಟೇ ದಂಡ ಬೀಳಬಹುದಾದದ್ದೂ ಪಡೆದವರ ಮೇಲೆಯೇ. ಆದ್ದರಿಂದ ಕೊಡುವುದೂ ಮರಳಿಸುವುದೂ ಬ್ಯಾಂಕ್ ಮೂಲಕವೇ ನಡೆಯಲಿ. ಮೊತ್ತ, ದಿನಾಂಕ, ಬಡ್ಡಿದರ, ಮರುಪಾವತಿಯ ಅವಧಿ, ಕಂತು ಬಂದರೆ ಮೊದಲು ಬಡ್ಡಿಗೆ ವಜಾ ಎಂಬ ಷರತ್ತು, ಇಬ್ಬರ ಸಹಿ: ಒಂದು ಪುಟದ ಕರಾರಿನಲ್ಲಿ ಇಷ್ಟಿದ್ದರೆ ಸಾಕು. ಜೊತೆಗೆ ಪ್ರತಿ ಪಾವತಿಯನ್ನೂ ಅಸಲು, ಬಡ್ಡಿ ಎಂದು ಎರಡು ಕಾಲಂಗಳಲ್ಲಿ ಬರೆದಿಡಿ. ಕೈಗೆ ಬಂದಾಗ ಎಣಿಸುವವರಾದರೆ, ವರ್ಷದ ಕೊನೆಗೆ ಬಡ್ಡಿಯ ಕಾಲಂನ ಮೊತ್ತವೇ ನೀವು ರಿಟರ್ನ್ಸ್‌ನಲ್ಲಿ ತೋರಿಸಬೇಕಾದ ಆದಾಯ.